ಮುನ್ನೂರ ಹದಿನಾರೆಂಬ ತಪ್ಪು

ದಾಕ್ಷಾಯಣಿ ಕೊಚ್ಚಿಯಲ್ಲಿ ಮಾಡುವ ಕೆಲಸ ಎಂಥದ್ದೆಂದು ಗದಗಿನ ಅವಳ ಬಳಗಕ್ಕೆ ಕೊನೆಯವರೆಗೂ ಅರ್ಥವಾಗಲಿಲ್ಲ. ಜನ ತಪ್ಪುತಪ್ಪಾಗಿ ಬರೆದದ್ದನ್ನು ಕೂತು ಓದುವುದೇ ತನ್ನ ಕೆಲಸ ಎಂದು ಅವಳು ಹೇಳಿದರೆ, ಅದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಚಿಕ್ಕಮ್ಮಂದಿರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅವಳು ಓದಿದ್ದು ಗ್ರಂಥಾಲಯ ವಿಜ್ಞಾನ, ಧಾರವಾಡದಲ್ಲಿ. ಗದಗಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲವು ವರ್ಷ ಕಳೆದಿದ್ದಳು. ಅರ್ಧ ಹೆಸರು ಹೇಳಿ ಪುಸ್ತಕ ಕೇಳುವವರು, ಲೇಖಕರ ಹೆಸರನ್ನು ಪುಸ್ತಕಕ್ಕೆ ಇಡುವವರು, ಬರೀ ರಟ್ಟಿನ ಬಣ್ಣ ಹೇಳುವವರು, ಎಲ್ಲರೂ ಅವಳ ಮುಂದೆ ನಿಂತು ಹೋದವರೇ. ಯಾರನ್ನೂ ಬರಿಗೈಲಿ ಕಳಿಸಿದವಳಲ್ಲ. ಗಂಡ ವೀರಭದ್ರನಿಗೆ ಬ್ಯಾಂಕಿನಿಂದ ಕೊಚ್ಚಿಗೆ ವರ್ಗವಾದಾಗ ಅವಳೂ ಬಂದಳು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಎಲೆಕ್ಟ್ರಾನಿಕ್ ಸಾಮಾನು ಮಾರುವ ಕಂಪನಿಯೊಂದು ತನ್ನ ವೆಬ್‌ಸೈಟಿನ ಸರ್ಚ್ ನೋಡಿಕೊಳ್ಳಲು ಜನ ಹುಡುಕುತ್ತಿತ್ತು. ಇವಳ ಲೈಬ್ರರಿಯ ಕಥೆ ಕೇಳಿ ಕೂಡಲೇ ತೆಗೆದುಕೊಂಡಿತು. ಎರಡು ವರ್ಷಕ್ಕೆ ವೀರಭದ್ರನನ್ನು ತಿರುವನಂತಪುರಕ್ಕೆ ಎತ್ತಿ ಹಾಕಿದರು. ಮಗಳು ಶಾಲಿನಿಯ ಶಾಲೆಯೂ ಅಲ್ಲೇ ಆಯಿತು. ದಾಕ್ಷಾಯಣಿ ವಾರವಿಡೀ ಕಾಕ್ಕನಾಡಿನ ಹಾಸ್ಟೆಲಿನಲ್ಲಿದ್ದು ಶನಿವಾರ ರೈಲು ಹಿಡಿದು ಮನೆ ಸೇರುವುದು ರೂಢಿಯಾಯಿತು. ಇದು ಯಾರಿಗೂ ಇಷ್ಟವಿರಲಿಲ್ಲ. ಆದರೂ ನಡೆಯುತ್ತಿತ್ತು.

ಕಂಪನಿಯ ಕ್ಯಾಟಲಾಗಿನಲ್ಲಿ ಟಿವಿ, ಮಿಕ್ಸಿ, ಸ್ಟೆಬಿಲೈಸರ್, ರಿಮೋಟ್, ಬ್ಯಾಟರಿ, ವೈರು ಎಂದು ಲಕ್ಷಗಟ್ಟಲೆ ವಸ್ತು. ಕೊಳ್ಳುವವರಷ್ಟೇ ಅಲ್ಲ, ಕೊಂಡವರೂ ಬರುತ್ತಿದ್ದರು. ಕೆಟ್ಟುಹೋದ ಚಾರ್ಜರ್ ಬೇಕೆಂದು, ಕಳೆದುಹೋದ ಕೈಪಿಡಿ ಬೇಕೆಂದು ತಮ್ಮ ವಸ್ತುವಿನ ನಂಬರ್ ಹೊಡೆದು ಹುಡುಕುತ್ತಿದ್ದರು. ಹಳೆಯ ಸರ್ಚ್ ಬಾಕ್ಸ್ ಮಹಾ ಸಿಡುಕಿನದು. ಒಂದಕ್ಷರ ಹೆಚ್ಚುಕಮ್ಮಿಯಾದರೆ 'ಏನೂ ಸಿಗಲಿಲ್ಲ' ಎಂದು ಮುಖ ತಿರುಗಿಸುತ್ತಿತ್ತು. ಹಾಗೆ ಬರಿಗೈಲಿ ಹೋದವರು ಏನೇನು ಬರೆದಿದ್ದರು ಎಂಬುದು ಬೆಳಿಗ್ಗೆ ದಾಕ್ಷಾಯಣಿಯ ಮುಂದೆ ಬರುತ್ತಿತ್ತು. ಸ್ಟೆಬಿಲೈಸರ್ ಒಂದನ್ನೇ ಜನ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ನೋಡಿ ಅವಳಿಗೆ ಮನುಷ್ಯರ ಮೇಲೆ ಒಂದು ರೀತಿಯ ಪ್ರೀತಿಯೇ ಹುಟ್ಟಿತ್ತು. ಇಂಥ ಬರಹಕ್ಕೆ ಇಂಥ ವಸ್ತು ಎಂದು ಅವಳು ಜೋಡಿಸಿಟ್ಟರೆ ಮಾರನೇ ದಿನ ಅಂಥವರಿಗೆ ಸಿಗುತ್ತಿತ್ತು.

ಎರಡು ಸಾವಿರದ ಎಂಟರಲ್ಲಿ ಹೊಸ ಸರ್ಚ್ ಬಂತು. ಇದು ಸಿಡುಕುವುದಿಲ್ಲ, ಕ್ಷಮಿಸುತ್ತದೆ. ಮೂರು ಅಕ್ಷರ ಹೊಡೆಯುವುದರೊಳಗೆ ಕೆಳಗೆ ಸಲಹೆಗಳು ಇಳಿಯುತ್ತವೆ. ಹಿಂದೆ ಬೇರೆಯವರು ಹೆಚ್ಚಾಗಿ ಹುಡುಕಿದ್ದು ಮೇಲೆ, ಕಡಿಮೆ ಹುಡುಕಿದ್ದು ಕೆಳಗೆ. ತಪ್ಪು ಬರೆದರೂ ತಾನೇ ತಿದ್ದಿಕೊಂಡು ವಸ್ತು ತೋರಿಸುತ್ತದೆ. ತಿದ್ದುವ ಬಗೆಯೂ ಸರಳ. ಕ್ಯಾಟಲಾಗಿನಲ್ಲಿರುವ ಪದಗಳನ್ನೆಲ್ಲ ಪ್ರತಿರಾತ್ರಿ ಒಟ್ಟುಮಾಡಿ ಅದೊಂದು ನಿಘಂಟು ಮಾಡಿಕೊಳ್ಳುತ್ತದೆ. ನೀವು ಬರೆದದ್ದು ಅದರಲ್ಲಿದ್ದರೆ ಸರಿ. ಇಲ್ಲದಿದ್ದರೆ ತಪ್ಪು. ತಪ್ಪಾದಾಗ ಒಂದೆರಡು ಅಕ್ಷರ ಬದಲಿಸಿದರೆ ಯಾವ ಪದವಾಗುತ್ತದೆ ಎಂದು ನೋಡಿ, ಅತಿ ಹತ್ತಿರದ್ದನ್ನು ಎತ್ತಿಕೊಡುತ್ತದೆ.

ಮಾಡೆಲ್ ನಂಬರುಗಳನ್ನು ಹೀಗೆ ತಿದ್ದಬೇಕೋ ಬೇಡವೋ ಎಂದು ಮೀಟಿಂಗಿನಲ್ಲಿ ಚರ್ಚೆಯಾಯಿತು. ಸರ್ಚ್ ತಂಡದ ಮುಖ್ಯಸ್ಥ ವಿನ್ಸೆಂಟ್, ಕೋಟ್ಟಯಂ ಕಡೆಯವನು, ಅನುಮಾನಿಸಿದ. ತಿದ್ದಲೇಬೇಕೆಂದು ಪಟ್ಟುಹಿಡಿದವಳು ದಾಕ್ಷಾಯಣಿ. ಜನ ಪದಗಳಿಗಿಂತ ನಂಬರುಗಳಲ್ಲೇ ಹೆಚ್ಚು ಎಡವುತ್ತಾರೆ, ನಾನು ದಿನಾ ಓದುವವಳಲ್ಲವೇ ಎಂದಳು. ಅವಳ ಮಾತು ಗೆದ್ದಿತು.

ಕೆಲವೇ ವಾರಗಳಲ್ಲಿ ಬರಿಗೈಲಿ ಹೋಗುವವರು ಇಲ್ಲವೇ ಇಲ್ಲ ಎನ್ನುವಂತಾಯಿತು. ವಿನ್ಸೆಂಟ್ ಎಲ್ಲರಿಗೂ ಪಾಯಸ ತರಿಸಿದ. ದಾಕ್ಷಾಯಣಿಗೆ ಮಾತ್ರ ಬೆಳಗಿನ ಹೊತ್ತು ಹೇಗೋ ಆಗತೊಡಗಿತು. ಇಷ್ಟು ದಿನ ಗಲಾಟೆ ಮಾಡುತ್ತಿದ್ದ ಮಂದಿ ಒಮ್ಮೆಲೇ ಬಾಯಿ ಮುಚ್ಚಿಕೊಂಡಿದ್ದರು. ಎಲ್ಲರಿಗೂ ಏನೋ ಒಂದು ಸಿಗುತ್ತಿತ್ತು. ಬೇಕಾದದ್ದೇ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವ ದಾರಿ ಮುಚ್ಚಿಹೋಗಿತ್ತು.

ಅದರ ಬದಲಿಗೆ ಇನ್ನೊಂದು ಕಿಟಕಿ ತೆರೆದಿತ್ತು. ಸಲಹೆ ಕೊಡಬೇಕಾದರೆ ಒಂದೊಂದು ಅಕ್ಷರಕ್ಕೂ ಬಾಕ್ಸ್ ಕಂಪನಿಯ ಕಂಪ್ಯೂಟರಿಗೆ ಹೇಳಿ ಕಳಿಸಬೇಕಲ್ಲ, ಹಾಗಾಗಿ ಯಾರು ಎಲ್ಲಿ ಏನು ಹೊಡೆದರೂ ಆ ಕ್ಷಣವೇ ದಾಕ್ಷಾಯಣಿಯ ಎರಡನೇ ಸ್ಕ್ರೀನಿನ ಮೇಲೆ ಸಾಲಾಗಿ ಹರಿಯುತ್ತಿತ್ತು. ಎಂಟರ್ ಒತ್ತಬೇಕೆಂದೇನೂ ಇಲ್ಲ. ಹೊಡೆದು ಅಳಿಸಿದ್ದೂ ಬರುತ್ತಿತ್ತು. ಯಾರೋ 'ಫ್ಯಾ' ಎನ್ನುವರು, ತಡೆಯುವರು, ಅಳಿಸುವರು, ಮತ್ತೆ ಶುರುಮಾಡುವರು. ಹೆಸರಿಲ್ಲ, ಮುಖವಿಲ್ಲ, ಬರೀ ತಡವರಿಕೆ. ಮೊದಮೊದಲು ಮೋಜೆನಿಸಿತು. ಆಮೇಲಾಮೇಲೆ ಬೇರೆಯವರ ಮನೆ ಬಾಗಿಲಿಗೆ ಕಿವಿ ಕೊಟ್ಟು ನಿಂತ ಹಾಗೆ ಅನಿಸತೊಡಗಿತು.

ಆ ದಿನಗಳಲ್ಲಿ ಕೇರಳದಲ್ಲಿ ಸಂಜೆ ಅರ್ಧ ಗಂಟೆ ಕರೆಂಟ್ ತೆಗೆಯುತ್ತಿದ್ದರು. ಮನೆಮನೆಯಲ್ಲೂ ಎಮರ್ಜೆನ್ಸಿ ಲ್ಯಾಂಪು. ವೀರಭದ್ರನೂ ತಿರುವನಂತಪುರದಲ್ಲಿದ್ದ ಅವಳ ಕಂಪನಿಯ ಶೋರೂಮಿನಿಂದಲೇ ಒಂದು ತಂದಿದ್ದ. ನಿಶಾಲೈಟ್ ಎಂಬ ಕಂಪನಿಯದು, ಎನ್‌ಎಲ್316 ಎಂಬ ಮಾಡೆಲ್ಲು. ಶಾಲಿನಿ ಮಲಗುವ ಕೋಣೆಯ ಮರದ ಶೆಲ್ಫಿನ ಮೇಲೆ ಅದು ಇಡೀ ರಾತ್ರಿ ಚಾರ್ಜಿಗೆ ಇರುತ್ತಿತ್ತು. ಒಂದು ದಿನ ಅವನು ಫೋನ್ ಮಾಡಿ, ಲ್ಯಾಂಪು ಚಾರ್ಜಾಗುವಾಗ ಬಹಳ ಬಿಸಿಯಾಗುತ್ತದೆ, ಇದು ಸಹಜವೋ ಏನು ಸ್ವಲ್ಪ ನೋಡಿ ಹೇಳು ಎಂದ.

ದಾಕ್ಷಾಯಣಿ ಅಲ್ಲೇ ಬಾಕ್ಸಿನಲ್ಲಿ ನಂಬರ್ ಹೊಡೆದಳು. ಎನ್‌ಎಲ್318 ತೆರೆದುಕೊಂಡಿತು. ಅದೇ ಹಸಿರು ಮೈ, ಅದೇ ಹಿಡಿಕೆ, ಅದೇ ಎರಡು ಟ್ಯೂಬು. ಕೊಂಡವರೆಲ್ಲ ಹೊಗಳಿದ್ದರು. ಚಾರ್ಜ್ ಆಗುವಾಗ ತುಸು ಬೆಚ್ಚಗಾಗುವುದು ಸಹಜ ಎಂದು ಕೈಪಿಡಿಯಲ್ಲೂ ಇತ್ತು.

"ಅದು ಹದಿನಾರಲ್ರೀ, ಹದಿನೆಂಟು. ಮುನ್ನೂರಾ ಹದಿನೆಂಟು," ಎಂದಳು.

ವೀರಭದ್ರ ಲ್ಯಾಂಪನ್ನು ತಿರುಗಿಸಿ ನೋಡಿರಬೇಕು. "ಇಲ್ಲಿ ಆರು ಅಂತನ ಐತಲ್ಲ."

"ಅಚ್ಚು ಸವದಿರತೈತಿ. ಎಂಟರ ಮ್ಯಾಲಿನ ಕೊಂಡಿ ಹೋದ್ರ ಆರರಂಗ ಕಾಣತೈತಿ. ಹದಿನಾರು ಅನ್ನೂದು ನಮ್ಮ ಕ್ಯಾಟಲಾಗಿನ್ಯಾಗ ಇಲ್ಲಽ ಇಲ್ಲ. ಏನೂ ಚಿಂತಿ ಮಾಡಬ್ಯಾಡ್ರಿ."

ಅವನು, ನೀನು ಹೇಳಿದ ಮೇಲೆ ಮುಗೀತು ಎಂದ. ಹೆಂಡತಿಯ ಕೆಲಸದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ. ನಮ್ಮ ಮನೆಯವಳು ಕೂತಲ್ಲೇ ಕೇರಳದ ಯಾರ ಮನೆಯ ಸಾಮಾನು ಯಾವುದು ಅಂತ ಹೇಳುತ್ತಾಳೆ ಎಂದು ಬ್ಯಾಂಕಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಲ್ಯಾಂಪು ಮತ್ತೆ ಶೆಲ್ಫಿಗೆ ಹೋಯಿತು.

ತಿದ್ದುಪಡಿಗಳು ಹೇಗೆ ನಡೆದಿವೆ ಎಂದು ನೋಡುವುದು ಈಗ ದಾಕ್ಷಾಯಣಿಯ ಹೊಸ ಕೆಲಸ. ಬಾಕ್ಸ್ ಏನನ್ನು ಏನೆಂದು ತಿದ್ದಿತು, ಜನ ಅದನ್ನು ಒಪ್ಪಿ ಒತ್ತಿದರೋ ಇಲ್ಲವೋ ಎಂಬುದು ಅವಳ ಮುಂದೆ ಬರುತ್ತಿತ್ತು. ಅದರಲ್ಲಿ ಎನ್‌ಎಲ್316 ಮೇಲುಮೇಲಕ್ಕೆ ಏರತೊಡಗಿತ್ತು. ಹೊಡೆದವರೆಲ್ಲ ತಿದ್ದಿಸಿಕೊಂಡು 318ರ ಪುಟಕ್ಕೇ ಹೋಗುತ್ತಿದ್ದರು. ಇಷ್ಟು ಚೆನ್ನಾಗಿ ಕೆಲಸ ಮಾಡಿದ ತಿದ್ದುಪಡಿ ಬೇರೊಂದಿಲ್ಲ ಎಂದು ವಿನ್ಸೆಂಟ್ ಅದನ್ನೇ ಮೇಲಿನವರಿಗೆ ಉದಾಹರಣೆಯಾಗಿ ತೋರಿಸಿದ.

ಅವಳಿಗೂ ಮೊದಲು ಖುಷಿಯೇ ಆಗಿತ್ತು. ಆಮೇಲೆ ಒಂದು ಸಂಜೆ, ಕರೆಂಟ್ ಹೋಗಿ ಬಂದ ಹೊತ್ತಿನಲ್ಲಿ, ಎರಡನೇ ಸ್ಕ್ರೀನಿನ ಮೇಲೆ ಯಾರೋ ಆ ನಂಬರ್ ಹೊಡೆಯುವುದು ಕಂಡಿತು. ಮೂರು, ಒಂದು, ಆರು. ನಿಂತಿತು. ಸಲಹೆ ಇಳಿದಿರಬೇಕು. ಆರು ಅಳಿಸಿಹೋಯಿತು. ತುಂಬಾ ಹೊತ್ತು ಏನೂ ಇಲ್ಲ. ಆ ಮನುಷ್ಯ ಎದ್ದು ಹೋಗಿ ತನ್ನ ಲ್ಯಾಂಪನ್ನು ತಿರುಗಿಸಿ ನೋಡಿ ಬಂದಿರಬೇಕು. ಮತ್ತೆ ಆರು. ಮತ್ತೆ ಅಳಿಸಿಹೋಯಿತು. ಕೊನೆಗೆ ಎಂಟು ಬಂತು, ಆ ಸಾಲು ಮುಗಿಯಿತು. ಅಷ್ಟರಲ್ಲಿ ಕೆಳಗೆ ಇನ್ಯಾರೋ ಅದೇ ಮೂರು, ಅದೇ ಒಂದು, ಅದೇ ಆರು ಶುರುಮಾಡಿದ್ದರು.

ದಾಕ್ಷಾಯಣಿ ಆ ಸಾಲುಗಳನ್ನು ಮತ್ತೆ ಮೇಲಿಂದ ಓದಿದಳು. ತಪ್ಪುಗಳನ್ನು ಓದಿ ಓದಿ ನುರಿತವಳು ಅವಳು. ತಪ್ಪು ಎಂದೂ ಒಂದೇ ಕಡೆ ಬೀಳುವುದಿಲ್ಲ, ಚೆಲ್ಲಿದ ಕಾಳಿನಂತೆ ನಾಲ್ಕೂ ಕಡೆ ಹೋಗುತ್ತದೆ. 318 ಬರೆಯಲು ಹೋಗಿ ತಪ್ಪುವವರಲ್ಲಿ ಒಬ್ಬ 319 ಬರೆಯಬೇಕು, ಒಬ್ಬ 381 ಬರೆಯಬೇಕು, ಒಬ್ಬ 38 ಎಂದು ಬಿಡಬೇಕು. ಇಲ್ಲಿ ಅದೊಂದೂ ಇಲ್ಲ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಅಷ್ಟೂ ಮಂದಿ ಒಂದೇ ತಪ್ಪನ್ನು, ಅದೂ ಅಚ್ಚುಕಟ್ಟಾಗಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡುತ್ತಿದ್ದರು. ಎಷ್ಟೋ ಕೈಗಳ ಹಿಂದೆ ಒಂದೇ ಕೈ ಇದ್ದ ಹಾಗೆ.

ವಿನ್ಸೆಂಟನಿಗೆ ಹೇಳಿದಳು. ಅಚ್ಚು ಸವೆಯುವ ಮಾತು ನಿಮ್ಮ ಮನೆಯ ಲ್ಯಾಂಪಿನ ವಿಷಯ ಬಂದಾಗ ನೀವೇ ಹೇಳಿದ್ದಲ್ಲವೇ, ಎಲ್ಲ ಲ್ಯಾಂಪಿನದೂ ಹಾಗೇ ಸವೆದಿರುತ್ತದೆ ಎಂದು ಅವನು ಸಮಾಧಾನ ಹೇಳಿದ. ತಾನೇ ಕೊಟ್ಟ ಉತ್ತರ ತಿರುಗಿ ತನ್ನ ಕಿವಿಗೇ ಬಿದ್ದ ಮೇಲೆ ಅವಳು ತನ್ನ ಜಾಗಕ್ಕೆ ಹಿಂತಿರುಗಿದಳು. ಆದರೆ ಮನಸ್ಸು ಒಪ್ಪಲಿಲ್ಲ.

ಆಮೇಲಿನ ವಾರ ನಡೆದದ್ದು ಇನ್ನೂ ವಿಚಿತ್ರ. 316 ಬರೆಯುವವರು ಕಡಿಮೆಯಾಗತೊಡಗಿದರು. ಜನ 318 ಒತ್ತಿದಷ್ಟೂ ಅದರ ಲೆಕ್ಕ ಏರಿ, ಏರಿದಷ್ಟೂ ಸಲಹೆಯಲ್ಲಿ ಮೇಲೆ ಬಂದು, ಮೇಲೆ ಬಂದಷ್ಟೂ ಇನ್ನಷ್ಟು ಜನ ಒತ್ತಿ, ಈಗ ಎಮರ್ಜೆನ್ಸಿ ಲ್ಯಾಂಪಿಗೆಂದು 'ಎಮ' ಎನ್ನುವಷ್ಟರಲ್ಲಿ ಮೊದಲ ಸಾಲಿನಲ್ಲೇ 318 ನಿಂತಿರುತ್ತಿತ್ತು. ಯಾರೂ ಪೂರ್ತಿ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕಾದರೂ ಆ ನಂಬರ್ ಸ್ಕ್ರೀನಿನ ಮೇಲೆ ಒಮ್ಮೆಯೂ ಕಾಣಲಿಲ್ಲ. ಇದ್ದ ಒಂದು ಸಂಖ್ಯೆ ಜನರ ಕೈಯಿಂದ ಜಾರಿ ಎಲ್ಲೋ ಹೋಗಿಬಿಟ್ಟಿತ್ತು. ಅದು ಹೋದದ್ದು ಯಾರಿಗೂ ಗೊತ್ತೂ ಆಗಿರಲಿಲ್ಲ.

ಅವಳು ಎದ್ದು ಕೆಳಗಿನ ಮಹಡಿಗೆ, ಕ್ಯಾಟಲಾಗ್ ನೋಡಿಕೊಳ್ಳುವ ಅಲ್ವಿನ್ ಇದ್ದಲ್ಲಿಗೆ ಹೋದಳು. ಉಡುಪಿಯ ಹುಡುಗ. ಆಫೀಸಿನಲ್ಲಿ ಅವಳ ಜೊತೆ ಕನ್ನಡ ಆಡುವವನು ಅವನೊಬ್ಬನೇ. ಎನ್‌ಎಲ್316 ಅನ್ನುವುದು ಯಾವತ್ತಾದರೂ ನಮ್ಮಲ್ಲಿ ಇತ್ತೇನು ಎಂದು ಕೇಳಿದಳು. ಅವನು ನೋಡದೆಯೇ ಉತ್ತರ ಕೊಟ್ಟ.

"ಇತ್ತಲ್ಲ ಅಕ್ಕ, ತುಂಬಾ ಹೋಗ್ತಿತ್ತು. ನಾನೇ ತೆಗ್ದದ್ದು. ಚಾರ್ಜ್ ಆಗುವಾಗ ಒಳಗಿನ ಬೋರ್ಡ್ ಕಾಯ್ತದಂತೆ. ಇಲ್ಲೇ ಏಲೂರಲ್ಲಿ ಒಂದು ಮನೆಯ ಪರದೆ ಸುಟ್ಟುಹೋಗಿದೆ. ಮಾರೂದು ನಿಲ್ಸಿ ಅಂತ ಆ ಕಂಪನಿಯವ್ರೇ ಹೇಳಿದ್ರು. ಮಾರದ ಸಾಮಾನು ಕ್ಯಾಟಲಾಗಲ್ಲಿ ಎಂತಕ್ಕೆ?"

ದಾಕ್ಷಾಯಣಿಗೆ ಎಲ್ಲ ಒಮ್ಮೆಗೇ ಕಂಡಿತು. ಅಲ್ವಿನ್ ತೆಗೆದ ರಾತ್ರಿಯೇ ನಿಘಂಟಿನಿಂದಲೂ ಆ ನಂಬರ್ ಹೋಗಿತ್ತು. ಮಾರನೇ ದಿನದಿಂದ ಅದನ್ನು ಸರಿಯಾಗಿ ಬರೆದವರೆಲ್ಲ ತಪ್ಪು ಬರೆದವರಾಗಿದ್ದರು. ತಮ್ಮ ಲ್ಯಾಂಪು ಕಾಯುತ್ತಿದೆಯಲ್ಲ ಎಂದು ಹೆದರಿ ಬಂದವರ ಕಣ್ಣನ್ನೇ ಬಾಕ್ಸ್ ತಿದ್ದಿ, ಚೆನ್ನಾಗಿರುವ ಇನ್ನೊಂದು ಲ್ಯಾಂಪಿನ ಹೊಗಳಿಕೆ ಓದಿಸಿ, ಹೋಗಿ ಮಲಗಿ ಎಂದು ಕಳಿಸಿತ್ತು. ಹಳೆಯ ಸಿಡುಕಿನ ಬಾಕ್ಸ್ ಇದ್ದಿದ್ದರೆ ಮೊದಲ ದಿನವೇ 'ಏನೂ ಸಿಗಲಿಲ್ಲ' ಎಂದು ಹೇಳುತ್ತಿತ್ತು, ಅವಳಿಗೂ ತಿಳಿಯುತ್ತಿತ್ತು. ಮಗಳ ತಲೆಯ ಪಕ್ಕದ ಶೆಲ್ಫು ಕಣ್ಣ ಮುಂದೆ ಬಂತು.

ಅಲ್ವಿನ್‌ನ ಮೇಜಿನ ಫೋನಿನಿಂದಲೇ ಮನೆಗೆ ಮಾಡಿದಳು. ವೀರಭದ್ರ ಇನ್ನೂ ಬ್ಯಾಂಕಿನಿಂದ ಬಂದಿರಲಿಲ್ಲ. ಸಂಜೆ ಹೊತ್ತು ಶಾಲಿನಿಯನ್ನು ಕೆಳಗಿನ ಮನೆಯ ರಾಜಲಕ್ಷ್ಮಿ ಅಮ್ಮ ನೋಡಿಕೊಳ್ಳುತ್ತಿದ್ದರು. ಆದರೆ ಆಗ ಮಗು ಮೇಲೆ ಒಬ್ಬಳೇ ಚಿತ್ರ ಬರೆಯುತ್ತಾ ಕೂತಿತ್ತು, ಫೋನ್ ಎತ್ತಿದ್ದೂ ಅದೇ. ಲ್ಯಾಂಪು ಎಲ್ಲಿ ಎಂದು ಕೇಳಿದ್ದಕ್ಕೆ, ಕರೆಂಟ್ ಬಂದ ಮೇಲೆ ಅಪ್ಪ ಹೇಳಿಕೊಟ್ಟ ಹಾಗೆ ತಾನೇ ಚಾರ್ಜಿಗೆ ಹಾಕಿದೆ ಎಂದು ಮಲಯಾಳದಲ್ಲಿ ಹೇಳಿತು. ಕನ್ನಡದಲ್ಲಿ ಕೇಳಿದರೂ ಅದು ಉತ್ತರಿಸುವುದು ಹಾಗೆಯೇ.

ಒಂದು ವೇಳೆ ಅದು ನಿಜಕ್ಕೂ ಹದಿನೆಂಟೇ ಇರಬಹುದು ಎಂಬ ಆಸೆ ದಾಕ್ಷಾಯಣಿಗೆ ಇನ್ನೂ ಎಲ್ಲೋ ಇತ್ತು. "ಶಾಲೂ, ಅದನ್ನ ಮುಟ್ಟಬ್ಯಾಡ. ದೂರ ನಿಂತು ಅದರ ಮ್ಯಾಲಿನ ನಂಬರ್ ಓದು ನೋಡೋಣ," ಎಂದಳು.

ರಿಸೀವರ್ ಕೆಳಗಿಟ್ಟ ಸದ್ದು. ಹೋಗಿ ಬಂದ ಹೆಜ್ಜೆ. "ತ್ರೀ ವನ್ ಎಯ್ಟ್."

"ಅಲ್ಲಿ ಏನು ಬರದೈತಿ ಅದನ್ನ ಓದು, ಪುಟ್ಟಿ."

"ತ್ರೀ ವನ್ ಎಯ್ಟ್, ಅಮ್ಮೇ." ಮಗು ದೊಡ್ಡವರಿಗೆ ಪಾಠ ಹೇಳುವ ತಾಳ್ಮೆಯಿಂದ ಬಿಡಿಸಿ ಹೇಳಿತು. ನೋಡಿದರೆ ಆರು ಅಂತ ಕಾಣುತ್ತದೆ, ಆದರೆ ಅದು ಎಂಟು. ಅಪ್ಪ ಹೇಳಿದ್ದಾರೆ, ಅಮ್ಮನ ಕಂಪ್ಯೂಟರ್ ನೋಡಿ ಹೇಳಿದೆಯಂತೆ. ಆಮೇಲೆ ಏನೋ ನೆನಪಾದಂತೆ, "ಪಿನ್ನೆ, ನಲ್ಲ ಚೂಡಾ," ಎಂದಿತು. ತುಂಬಾ ಬಿಸಿ ಇದೆ ಎಂದು.

ಅಂಥ ಮಾತನ್ನು ಅಷ್ಟು ಸರಳವಾಗಿ ಹೇಳಿದ ಆ ಸಣ್ಣ ದನಿ ದಾಕ್ಷಾಯಣಿಯ ಕಿವಿಯಲ್ಲಿ ಬಹಳ ಕಾಲ ಉಳಿಯಿತು. ಕೂಗಿದರೆ ಮಗು ಹೆದರಿ ಲ್ಯಾಂಪನ್ನೇ ಹಿಡಿದೀತು ಎಂದು ಅವಳು ದನಿ ತಗ್ಗಿಸಿ, ಮೆಲ್ಲಗೆ ಕೆಳಗೆ ಹೋಗು, ರಾಜಲಕ್ಷ್ಮಿ ಅಮ್ಮನನ್ನು ಕರೆದುಕೊಂಡು ಬಾ, ಫೋನ್ ಇಡಬೇಡ ಎಂದಳು. ಮತ್ತೆ ರಿಸೀವರ್ ಕೆಳಗಿಟ್ಟ ಸದ್ದು. ಹೆಜ್ಜೆಗಳು ಮೆಟ್ಟಿಲಿಳಿದು ಕೇಳಿಸದಾದವು.

ಆಮೇಲೆ ಖಾಲಿ ಮನೆಯ ಸದ್ದೊಂದೇ ಉಳಿಯಿತು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಬಸ್ಸು ಹೋಯಿತು. ನಡುನಡುವೆ ಏನೋ ಚಿಟ್ ಎಂದಂತೆ ಆಗುತ್ತಿತ್ತು. ಅದು ಫೋನಿನ ಲೈನೋ, ಕೋಣೆಯ ಶೆಲ್ಫಿನ ಮೇಲಿನದೋ ತಿಳಿಯದು. ಇಷ್ಟು ದಿನ ಅಪರಿಚಿತರ ಬಾಗಿಲಿಗೆ ಕಿವಿ ಕೊಟ್ಟವಳು ಈಗ ತನ್ನ ಮನೆಯದನ್ನೇ ಹೀಗೆ ಕೇಳುತ್ತಾ ನಿಂತಿದ್ದಳು. ಅಲ್ವಿನ್ ಕುರ್ಚಿ ತಂದು ಹಿಂದೆ ಇಟ್ಟ. ಅವಳು ಕೂರಲಿಲ್ಲ.

ಕೊನೆಗೆ ರಾಜಲಕ್ಷ್ಮಿ ಅಮ್ಮನ ದನಿ ಬಂತು. ಗೋಡೆಯ ಸ್ವಿಚ್ ಆರಿಸಿದ್ದೇನೆ, ಬಟ್ಟೆ ಸುತ್ತಿಕೊಂಡು ಪ್ಲಗ್ಗನ್ನೂ ಎಳೆದಿದ್ದೇನೆ ಎಂದರು. ಲ್ಯಾಂಪಿನ ಬೆನ್ನು ಮೆತ್ತಗಾಗಿ ಒಳಕ್ಕೆ ಬಾಗಿದೆ, ಶೆಲ್ಫಿನ ಮರದ ಮೇಲೆ ಕಂದು ಕಲೆ ಎದ್ದಿದೆ, ಮಗು ನನ್ನ ಸೆರಗು ಹಿಡಿದು ನಿಂತಿದೆ ಎಂದರು. ದಾಕ್ಷಾಯಣಿ ಹೇಗೋ ಥ್ಯಾಂಕ್ಸ್ ಎಂದು ಫೋನ್ ಇಟ್ಟು, ಆಗ ಕೂತು ಅತ್ತಳು.

ಕಣ್ಣು ಒರೆಸಿಕೊಂಡು ನೇರ ವಿನ್ಸೆಂಟನ ಬಳಿ ಹೋದಳು. ಮಾರದ ವಸ್ತುವಿಗೆ ಪುಟ ಇರುವಂತಿಲ್ಲ, ಅದು ಕಂಪನಿಯ ನಿಯಮ ಎಂದು ಅವನು ಶುರುಮಾಡಿದ. ಅವಳು ಮನೆಯ ಕಥೆ ಹೇಳಿದಳು. ಅವನಿಗೂ ಮನೆಯಲ್ಲಿ ಚಿಕ್ಕ ಮಕ್ಕಳು. ನೀವು ಮಾಡಿ, ನಾಳೆ ಮೇಲಿನವರು ಕೇಳಿದರೆ ನಾನು ಹೇಳಿದ್ದೆಂದು ಹೇಳುತ್ತೇನೆ ಎಂದ. ದಾಕ್ಷಾಯಣಿ ಆ ನಂಬರನ್ನು ತಿದ್ದಬಾರದ ಪದಗಳ ಜೊತೆ ಸೇರಿಸಿದಳು. ಅದನ್ನು ಬರೆದವರಿಗೆ ವಸ್ತುವಿನ ಬದಲು ಒಂದು ಸೂಚನೆ ಕಾಣುವ ಹಾಗೆ ಮಾಡಿದಳು: ಈ ಲ್ಯಾಂಪನ್ನು ಚಾರ್ಜಿಗೆ ಹಾಕಬೇಡಿ, ಹತ್ತಿರದ ಶೋರೂಮಿಗೆ ತಂದುಕೊಡಿ. ತಾನೇ ಹೊಡೆದು ನೋಡಿದಳು. ಸರಿಯಾಗಿ ಬಂತು.

ಮಾರನೇ ಸಂಜೆ ಕರೆಂಟ್ ಬರುವ ಹೊತ್ತಿಗೆ ಸ್ಕ್ರೀನಿನ ಮುಂದೆ ಕಾದು ಕೂತಳು. ಸಾಲುಗಳು ಎಂದಿನಂತೆ ಹರಿದವು. ಲ್ಯಾಂಪು ಕೇಳಿದವರು ಬಹಳ ಮಂದಿ. 316 ಎಂದವರು ಒಬ್ಬರೂ ಇಲ್ಲ. ಎಲ್ಲರೂ ಪಾಠ ಕಲಿತಾಗಿತ್ತು. ಕಲಿತವರಲ್ಲಿ ಹೆಚ್ಚಿನವರು ಮತ್ತೆ ಹುಡುಕುವುದೂ ಇಲ್ಲ, ಅವರಿಗೆ ಉತ್ತರ ಸಿಕ್ಕಿ ಎಷ್ಟೋ ದಿನವಾಗಿತ್ತು. ಅವರ ಹೆಸರು, ಊರು, ಬಾಗಿಲು ಒಂದೂ ಅವಳಿಗೆ ತಿಳಿಯದು. ಕತ್ತಲಾಗುವ ಹೊತ್ತಿಗೆ ಯಾರೋ ಒಬ್ಬರು ಎನ್‌ಎಲ್318 ಎಂದು ಸರಿಯಾಗಿ, ಒಂದೂ ತಪ್ಪಿಲ್ಲದೆ ಹೊಡೆದು, ಮುಂದೆ 'ತುಂಬಾ ಬಿಸಿ' ಎಂಬರ್ಥದ ಇಂಗ್ಲಿಷ್ ಪದ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಒಂದೊಂದೇ ಅಕ್ಷರ ಅಳಿಸುತ್ತಾ ಬಂದು, ಬಾಕ್ಸ್ ಖಾಲಿ ಮಾಡಿ ಹೊರಟುಹೋದರು. ಅವರ ಕೈಯಲ್ಲಿದ್ದದ್ದು ಯಾವ ಲ್ಯಾಂಪೋ.

ದಾಕ್ಷಾಯಣಿ ವಿನ್ಸೆಂಟನನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದ 318ರ ಪುಟದ ನೆತ್ತಿಯ ಮೇಲೂ ಸೂಚನೆ ಹಾಕಿದಳು. ಲ್ಯಾಂಪಿನ ನಂಬರ್ ನೋಡಿ ಎಂದಷ್ಟೇ ಬರೆದರೆ ಸಾಲದೆಂದು ಮಗಳು ಅವಳಿಗೆ ಕಲಿಸಿದ್ದಳು. ಅದಕ್ಕೇ ಇನ್ನೊಂದು ಸಾಲು ಸೇರಿಸಿದಳು: ನಿಮ್ಮ ಕಣ್ಣಿಗೆ ಆರು ಕಂಡರೆ ಅದು ಆರೇ. ಮೂರನೇ ದಿನ ಮೇಲಿನವರು ಅದನ್ನು ತೆಗೆಸಿದರು. ಆ ಮೂರು ದಿನದಲ್ಲಿ ಶೋರೂಮುಗಳಿಗೆ ಕೆಲವು ಲ್ಯಾಂಪು ವಾಪಸು ಬಂದವೆಂದು ಅಲ್ವಿನ್ ಹೇಳಿದ. ಮಾರಿದ್ದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ. ಅವಳ ಕೆಲಸ ಉಳಿಯಿತು. ನಂಬರುಗಳನ್ನು ತಿದ್ದುವುದನ್ನು ಮಾತ್ರ ಅವಳು ಹಟ ಹಿಡಿದು ಶಾಶ್ವತವಾಗಿ ನಿಲ್ಲಿಸಿದಳು. ಬರಿಗೈಲಿ ಹೋಗುವವರು ಮತ್ತೆ ಹೆಚ್ಚಿದರು, ವಿನ್ಸೆಂಟ್ ಗೊಣಗಿದ, ಬೆಳಗಿನ ಗಲಾಟೆ ತಿರುಗಿ ಬಂದದ್ದು ಅವಳಿಗೆ ನೆಮ್ಮದಿ ತಂದಿತು.

ಆ ಶನಿವಾರ ತಿರುವನಂತಪುರಕ್ಕೆ ಹೋದಾಗ ಲ್ಯಾಂಪು ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲಿತ್ತು. ವೀರಭದ್ರ ಯಾರನ್ನೂ ದೂರಲಿಲ್ಲ, ಆದರೆ ಅದರ ಹತ್ತಿರವೂ ಬರಲಿಲ್ಲ. ಬ್ಯಾಂಕಿನಲ್ಲಿ ಇಬ್ಬರಿಗೆ ಅದೇ ಲ್ಯಾಂಪು ಒಳ್ಳೆಯದೆಂದು ಹೇಳಿದ್ದನಂತೆ. ಈಗ ಅಲ್ಲವೆಂದರೆ, ನಿಮ್ಮ ಮನೆಯವರೇ ಎಂಟು ಅಂದಿದ್ದರಲ್ಲ ಎಂದು ನಗುತ್ತಾರೆ ಎಂದ.

"ನನಗೂ ಈಗ ನೋಡಿದ್ರ ಎಂಟಽ ಕಾಣತೈತಿ, ದಾಕ್ಷಾ," ಎಂದು ಮೆಲ್ಲಗೆ ಹೇಳಿ ಒಳಗೆ ಹೋದ.

ದಾಕ್ಷಾಯಣಿ ಲ್ಯಾಂಪನ್ನು ಎತ್ತಿ ಬೆಳಕಿಗೆ ಹಿಡಿದಳು. ಅಚ್ಚು ಎಲ್ಲೂ ಸವೆದಿರಲಿಲ್ಲ. ಹೊಸದರಂತೆ ಕಪ್ಪಗೆ, ಸ್ಪಷ್ಟವಾಗಿ ಇತ್ತು. ಅದು ಆರು. ಯಾರು ನೋಡಿದರೂ ಆರೇ. ಅವಳು ಶಾಲಿನಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ತೋರಿಸಿ, ಇದೆಷ್ಟು ಹೇಳು ಎಂದಳು.

ಮಗು ಅಂಕಿಯನ್ನು ನೋಡಲಿಲ್ಲ. ಏನು ಹೇಳಬೇಕೆಂದು ತಿಳಿಯಲು ಅಮ್ಮನ ಮುಖ ನೋಡಿತು.